ಒಣ ಬೇಳೆಯ ಅಂಕಿ, ಬೆಂದ ಬೇಳೆಯ ಬಟ್ಟಲು: ವೀಗನ್ ಓಟಗಾರ್ತಿಯ ಪ್ರೋಟೀನ್ ಲೆಕ್ಕ

ನೂರು ಗ್ರಾಂ ಮಸೂರ್ ಬೇಳೆಯಲ್ಲಿ ಎಷ್ಟು ಪ್ರೋಟೀನ್ ಇದೆ? ಈ ಪ್ರಶ್ನೆಗೆ ಎರಡು ಉತ್ತರಗಳಿವೆ, ಎರಡೂ ಸರಿ. ಪೊಟ್ಟಣದ ಮೇಲೆ ಸುಮಾರು 24 ಗ್ರಾಂ ಎಂದು ಬರೆದಿರುತ್ತದೆ. ಬೆಂದ ಬೇಳೆಯನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಬರುವ ಉತ್ತರ ಸುಮಾರು 9 ಗ್ರಾಂ. ಬೇಯುವಾಗ ಪ್ರೋಟೀನ್ ಎಲ್ಲಿಗೂ ಓಡಿಹೋಗಿಲ್ಲ. ಬೇಳೆ ನೀರು ಕುಡಿದು ಎರಡೂವರೆ ಪಟ್ಟು ತೂಗಿದೆ, ಅಷ್ಟೇ. ಆದರೆ ಪೊಟ್ಟಣದ ಅಂಕಿಯನ್ನು ನೆನಪಿನಲ್ಲಿಟ್ಟುಕೊಂಡು, ತಟ್ಟೆಯಲ್ಲಿರುವ ಬೆಂದ ಬೇಳೆಯನ್ನು ತೂಗಿ ಗುಣಿಸಿದರೆ, ಇಲ್ಲದ ಪ್ರೋಟೀನ್ ಪುಸ್ತಕದಲ್ಲಿ ಹುಟ್ಟಿಕೊಳ್ಳುತ್ತದೆ. ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟದ ಕ್ರೀಡಾಪಟುವಿನ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಸಸ್ಯಾಹಾರದಲ್ಲಿ ಪ್ರೋಟೀನ್ ಕಡಿಮೆ ಎಂಬ ದೂರಿಗಿಂತ, ಈ ಗುಣಾಕಾರದ ತಪ್ಪು ನನ್ನನ್ನು ಹೆಚ್ಚು ಕಾಡುತ್ತದೆ. ಏಕೆಂದರೆ ಇದನ್ನು ಮಾಡುವವರು ಶ್ರದ್ಧೆಯಿಂದ ತಕ್ಕಡಿ ಹಿಡಿದವರೇ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೋಗೋಣ. 60 ಕಿಲೋ ತೂಕದ ಒಬ್ಬ ಮಧ್ಯಮ ದೂರದ ಓಟಗಾರ್ತಿ. ವಾರಕ್ಕೆ ಆರು ದಿನ ಓಡುತ್ತಾಳೆ, ಎರಡು ದಿನ ಭಾರ ಎತ್ತುತ್ತಾಳೆ. ದಿನಕ್ಕೆ ಸುಮಾರು 2,500 ಕಿಲೋಕ್ಯಾಲರಿ ಬೇಕು. ಪೂರ್ತಿ ವೀಗನ್.

ಮೊದಲು ಗುರಿ. ಸಾಮಾನ್ಯ ವಯಸ್ಕರಿಗೆ ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 0.8 ಗ್ರಾಂ ಆಸುಪಾಸಿನಲ್ಲಿ ಪ್ರೋಟೀನ್ ಸಾಕು ಎನ್ನುತ್ತಾರೆ. ಕ್ರೀಡಾ ಪೋಷಣೆಯ ಮಾರ್ಗಸೂಚಿಗಳು ಕ್ರೀಡಾಪಟುಗಳಿಗೆ 1.2ರಿಂದ 2 ಗ್ರಾಂ ಎಂದು ಹೇಳುತ್ತವೆ. ಭಾರ ಎತ್ತುವ ತರಬೇತಿಯ 49 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಒಂದು ವಿಶ್ಲೇಷಣೆಯಲ್ಲಿ, ಸರಾಸರಿ 1.6 ಗ್ರಾಂ ದಾಟಿದ ಮೇಲೆ ಸ್ನಾಯು ಬೆಳವಣಿಗೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ನಮ್ಮ ಓಟಗಾರ್ತಿಗೂ ಅದೇ ಅಂಕಿಯನ್ನು ಇಟ್ಟುಕೊಳ್ಳೋಣ: 60 × 1.6 = 96 ಗ್ರಾಂ.

ಇದರ ಮೇಲೆ ಶೇಕಡ 10ರಷ್ಟು ಸೇರಿಸುವುದು ನನ್ನ ಪದ್ಧತಿ. ಬೇಳೆಕಾಳು ಮತ್ತು ಬೀಜಗಳ ಪ್ರೋಟೀನ್ ಮೊಟ್ಟೆ, ಹಾಲಿನ ಪ್ರೋಟೀನಿನಷ್ಟು ಪೂರ್ಣವಾಗಿ ಜೀರ್ಣವಾಗುವುದಿಲ್ಲ. ಜೀವಕೋಶಗಳ ನಾರಿನ ಗೋಡೆಯೊಳಗೆ ಸಿಕ್ಕಿಕೊಂಡ ಸ್ವಲ್ಪ ಭಾಗ ಹಾಗೆಯೇ ಹೊರಗೆ ಹೋಗುತ್ತದೆ. ಟೋಫು, ಸೋಯಾ ಹಾಲುಗಳಲ್ಲಿ ನಾರು ಬೇರ್ಪಟ್ಟಿರುವುದರಿಂದ ಅಲ್ಲಿ ಈ ನಷ್ಟ ಬಹಳ ಕಡಿಮೆ. ಎಲ್ಲವನ್ನೂ ಬೆರೆಸಿ ತಿನ್ನುವವರಿಗೆ ಶೇಕಡ 10 ಒಂದು ಹದವಾದ ಅಂದಾಜು. ಹಾಗಾಗಿ ತಟ್ಟೆಯ ಗುರಿ ಸುಮಾರು 106 ಗ್ರಾಂ.

ಈಗ ಅವಳು ಬರೆದಿಟ್ಟ ಒಂದು ದಿನದ ಪಟ್ಟಿಯನ್ನು ನೋಡೋಣ. ಬೆಳಿಗ್ಗೆ 60 ಗ್ರಾಂ ಓಟ್ಸ್, ಅದಕ್ಕೆ 250 ಮಿಲಿಲೀಟರ್ ಬಾದಾಮಿ ಹಾಲು, ಮೇಲೆ 30 ಗ್ರಾಂ ಬಾದಾಮಿ. ಮಧ್ಯಾಹ್ನ 150 ಗ್ರಾಂ ಬೆಂದ ಮಸೂರ್ ಬೇಳೆ, 200 ಗ್ರಾಂ ಅನ್ನ. ಸಂಜೆ ಗೋಧಿ ಬ್ರೆಡ್ಡಿನ ಎರಡು ಹೋಳು, ಎರಡು ದೊಡ್ಡ ಚಮಚ ಶೇಂಗಾ ಬೆಣ್ಣೆ. ರಾತ್ರಿ 150 ಗ್ರಾಂ ಬೆಂದ ಕಾಬೂಲಿ ಕಡಲೆ, ಮತ್ತೆ 200 ಗ್ರಾಂ ಅನ್ನ. ಕೆಳಗೆ ಗೆರೆ ಎಳೆದು ಅವಳು ಬರೆದ ಮೊತ್ತ 114 ಗ್ರಾಂ. ಗುರಿ ದಾಟಿದ್ದಾಳೆ ಎಂದು ಯಾರಾದರೂ ಹೇಳಬೇಕು.

ಆದರೆ ಸಾಲು ಸಾಲಾಗಿ ಬಿಚ್ಚಿದರೆ ಚಿತ್ರ ಬೇರೆ. ಓಟ್ಸ್ 8 ಗ್ರಾಂ, ಬಾದಾಮಿ 6, ಬ್ರೆಡ್ಡು 8, ಶೇಂಗಾ ಬೆಣ್ಣೆ 8, ಎರಡು ಹೊತ್ತಿನ ಅನ್ನ ಐದೈದು ಗ್ರಾಂ. ಇವೆಲ್ಲ ಸರಿಯಾಗಿವೆ. ಮಸೂರ್ ಬೇಳೆಗೆ ಅವಳು ಬರೆದದ್ದು 36 ಗ್ರಾಂ, ಅಂದರೆ 150ರ ಶೇಕಡ 24. ತೂಗಿದ್ದು ಬೆಂದ ಬೇಳೆಯಾದ್ದರಿಂದ ನಿಜವಾದ ಪ್ರೋಟೀನ್ ಸುಮಾರು 14 ಗ್ರಾಂ. ಕಾಬೂಲಿ ಕಡಲೆಗೂ ಒಣಕಾಳಿನ ಶೇಕಡ 20ರಂತೆ 30 ಬರೆದಿದ್ದಾಳೆ, ಇರುವುದು 13. ಇನ್ನು ಬಾದಾಮಿ ಹಾಲು: ಅದನ್ನು ಸೋಯಾ ಹಾಲಿನಂತೆ ಎಣಿಸಿ 8 ಗ್ರಾಂ ಹಾಕಿದ್ದಾಳೆ. ಬಾದಾಮಿ ಹಾಲು ಬಹುಪಾಲು ನೀರು. ಒಂದು ಲೋಟದಲ್ಲಿ ಹೆಚ್ಚೆಂದರೆ 1 ಗ್ರಾಂ ಪ್ರೋಟೀನ್. ಮೂರು ಸಾಲುಗಳಲ್ಲಿ ಕ್ರಮವಾಗಿ 22, 17, 7 ಗ್ರಾಂ ಸೋರಿಹೋದವು, ಒಟ್ಟು 46 ಗ್ರಾಂ. 114ರಲ್ಲಿ 46 ಕಳೆದರೆ 68. ಪ್ರತಿ ಕಿಲೋಗೆ 1.1 ಗ್ರಾಂ ಮಾತ್ರ. ಸುಮ್ಮನೆ ಕುಳಿತವರಿಗೆ ಇದು ಧಾರಾಳ, ಆರು ದಿನ ಓಡುವವಳಿಗೆ ಕೊರತೆ.

ಈ ಸೋರಿಕೆಯನ್ನು ನಿಲ್ಲಿಸುವ ದಾರಿ ಸರಳ: ಬೇಳೆಕಾಳನ್ನು ಒಣಗಿರುವಾಗಲೇ ತೂಗಬೇಕು. ಮನೆಮಂದಿಗೆಲ್ಲ ಒಟ್ಟಿಗೆ ಬೇಯಿಸುವಾಗ ತಮ್ಮ ಪಾಲಿನ ಒಣ ತೂಕ ಹೇಗೆ ಗೊತ್ತಾಗಬೇಕು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಇಡೀ ಪಾತ್ರೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. 300 ಗ್ರಾಂ ಒಣ ಬೇಳೆ ಹಾಕಿದರೆ ಪಾತ್ರೆಯಲ್ಲಿರುವ ಒಟ್ಟು ಪ್ರೋಟೀನ್ 72 ಗ್ರಾಂ. ನೀರು ಎಷ್ಟೇ ಸುರಿದರೂ, ಟೊಮೆಟೊ, ಈರುಳ್ಳಿ ಸೇರಿದರೂ ಬೇಳೆಯ 72 ಗ್ರಾಂ ಬದಲಾಗುವುದಿಲ್ಲ. ಬೆಂದ ಮೇಲೆ ಪಾತ್ರೆಯೊಳಗಿನ ಅಡುಗೆ 1,200 ಗ್ರಾಂ ತೂಗಿತು ಎಂದುಕೊಳ್ಳಿ. ನೀವು ಬಡಿಸಿಕೊಂಡದ್ದು 300 ಗ್ರಾಂ. ಅದು ಕಾಲು ಭಾಗ, ಆದ್ದರಿಂದ ನಿಮಗೆ 18 ಗ್ರಾಂ ಪ್ರೋಟೀನ್. ತೆಳ್ಳಗೆ ಮಾಡಿದರೂ ಗಟ್ಟಿಯಾಗಿ ಮಾಡಿದರೂ ಈ ಲೆಕ್ಕ ಕೈಕೊಡುವುದಿಲ್ಲ. ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಸಾಕು.

ಸೋಯಾ ಚಂಕ್ಸ್ ವಿಷಯದಲ್ಲಿ ಇದೇ ತಪ್ಪು ಇನ್ನೂ ದೊಡ್ಡದಾಗುತ್ತದೆ. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡುವ ಈ ಉಂಡೆಗಳಲ್ಲಿ ಒಣಗಿರುವಾಗ ಅರ್ಧದಷ್ಟು ಪ್ರೋಟೀನ್ ಇರುತ್ತದೆ, ನೂರಕ್ಕೆ 50 ಗ್ರಾಂ ಆಸುಪಾಸು. ನೆನೆಸಿದ ಮೇಲೆ ಅವು ಕೆಲವು ಪಟ್ಟು ತೂಗುತ್ತವೆ, ಅದೂ ಹಿಂಡುವ ಕೈಯ ಬಲದ ಮೇಲೆ ಹೆಚ್ಚುಕಡಿಮೆ. ನೆನೆದ ಚಂಕ್ಸ್ ತೂಗಿ ಒಣ ಅಂಕಿಯಿಂದ ಗುಣಿಸಿದರೆ, 20 ಗ್ರಾಂ ಪ್ರೋಟೀನ್ ಕಾಗದದ ಮೇಲೆ 60 ಆಗಿಬಿಡಬಹುದು. ಟೋಫುವಿನ ತೊಡಕು ಬೇರೆ ಬಗೆಯದು. ಅದನ್ನು ತೂಗುವುದು ಸುಲಭ, ಆದರೆ ಎಲ್ಲ ಟೋಫು ಒಂದೇ ಅಲ್ಲ. ಗಟ್ಟಿ ಟೋಫುವಿನಲ್ಲಿ ನೂರಕ್ಕೆ 12ರಿಂದ 17 ಗ್ರಾಂ ಇದ್ದರೆ, ಮೊಸರಿನಂತೆ ಮೃದುವಾಗಿರುವುದರಲ್ಲಿ ಅದರ ಅರ್ಧವೂ ಇಲ್ಲದಿರಬಹುದು. ಇಲ್ಲಿ ಪೊಟ್ಟಣದ ಅಂಕಿಯೇ ನಂಬಿಕೆಗೆ ಅರ್ಹ, ಏಕೆಂದರೆ ಟೋಫುವನ್ನು ಪೊಟ್ಟಣದಲ್ಲಿದ್ದ ತೂಕದಲ್ಲೇ ತಿನ್ನುತ್ತೇವೆ.

ಇನ್ನು ಬೀಜಗಳ ಮಾತು. ಬಾದಾಮಿಯಲ್ಲಿ ನೂರಕ್ಕೆ 21 ಗ್ರಾಂ, ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇದೆ. ಈ ಅಂಕಿಗಳನ್ನು ನೋಡಿದರೆ ಇವು ಬೇಳೆಯ ಸಾಲಿಗೇ ಸೇರುತ್ತವೆ ಎನಿಸುತ್ತದೆ. ಆದರೆ ಬೀಜದ ತೂಕದಲ್ಲಿ ಸುಮಾರು ಅರ್ಧ ಭಾಗ ಎಣ್ಣೆ. 20 ಗ್ರಾಂ ಪ್ರೋಟೀನ್ ಬೇಕೆಂದು 40 ಗ್ರಾಂ ಸೋಯಾ ಚಂಕ್ಸ್ ತಿಂದರೆ ಜೊತೆಗೆ ಬರುವುದು ಸುಮಾರು 140 ಕಿಲೋಕ್ಯಾಲರಿ. ಅದೇ 20 ಗ್ರಾಂ ಒಣ ಮಸೂರ್ ಬೇಳೆಯಿಂದ ಬೇಕಾದರೆ 83 ಗ್ರಾಂ ಬೇಳೆ, ಸುಮಾರು 290 ಕಿಲೋಕ್ಯಾಲರಿ. ಬಾದಾಮಿಯಿಂದಾದರೆ 95 ಗ್ರಾಂ ಬಾದಾಮಿ, 550 ಕಿಲೋಕ್ಯಾಲರಿ. 96 ಗ್ರಾಮಿನ ಇಡೀ ಗುರಿಯನ್ನು ಬಾದಾಮಿಯಿಂದಲೇ ಮುಟ್ಟಲು ಹೊರಟರೆ 457 ಗ್ರಾಂ ಅಗಿಯಬೇಕು, ಸುಮಾರು 2,650 ಕಿಲೋಕ್ಯಾಲರಿ. ಆ ದಿನ ಓಟಗಾರ್ತಿಗೆ ಬೇರೆ ಏನನ್ನೂ ತಿನ್ನಲು ಜಾಗವೇ ಉಳಿಯುವುದಿಲ್ಲ, ಓಡಲು ಬೇಕಾದ ಪಿಷ್ಟವೂ ಸೇರಿದಂತೆ. ಬೀಜಗಳನ್ನು ನಾನು ಒಳ್ಳೆಯ ಕೊಬ್ಬಿನ ಲೆಕ್ಕದಲ್ಲಿ ಬರೆಯುತ್ತೇನೆ. ಅವುಗಳ ಜೊತೆ ಬರುವ ಪ್ರೋಟೀನ್ ಮೇಲುಗಳಿಕೆ.

ಬೀಜಗಳನ್ನು ಬೇಳೆಯ ಜಾಗದಲ್ಲಿ ಇಡದಿರಲು ಇನ್ನೊಂದು ಕಾರಣವಿದೆ. ಪ್ರೋಟೀನ್ ಎಂಬುದು ಒಂದೇ ವಸ್ತುವಲ್ಲ, ಇಪ್ಪತ್ತು ಬಗೆಯ ಅಮೈನೊ ಆಮ್ಲಗಳ ಸರ. ಅವುಗಳಲ್ಲಿ ಒಂಬತ್ತನ್ನು ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಸಸ್ಯಾಹಾರದಲ್ಲಿ ಮೊದಲು ಕೊರತೆಯಾಗುವುದು ಸಾಮಾನ್ಯವಾಗಿ ಲೈಸೀನ್. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ವಯಸ್ಕರ ಆಹಾರದ ಪ್ರತಿ ಗ್ರಾಂ ಪ್ರೋಟೀನಿನಲ್ಲಿ 45 ಮಿಲಿಗ್ರಾಂ ಲೈಸೀನ್ ಇರಬೇಕು. ಬೇಳೆಕಾಳು ಮತ್ತು ಸೋಯಾದಲ್ಲಿ ಅದು 60ರಿಂದ 70ರವರೆಗೆ ಇರುತ್ತದೆ. ಗೋಧಿಯಲ್ಲಿ 30ಕ್ಕೂ ಕಡಿಮೆ, ಅಕ್ಕಿ ಮತ್ತು ಶೇಂಗಾದಲ್ಲಿ 35ರ ಆಸುಪಾಸು, ಬಾದಾಮಿಯಲ್ಲಿ ಮತ್ತೆ 30ಕ್ಕಿಂತ ಕೆಳಗೆ. ಬ್ರೆಡ್ಡು, ಶೇಂಗಾ ಬೆಣ್ಣೆ, ಬಾದಾಮಿ ಇಷ್ಟನ್ನೇ ಕೂಡಿಸಿ 96 ಗ್ರಾಂ ಮುಟ್ಟಿದವರ ಲೆಕ್ಕ ಗ್ರಾಮಿನಲ್ಲಿ ಸರಿಯಿದ್ದರೂ ಲೈಸೀನಿನಲ್ಲಿ ಸೊರಗುತ್ತದೆ. ಧಾನ್ಯದ ಜೊತೆ ಬೇಳೆಯನ್ನೋ ಸೋಯಾವನ್ನೋ ಇಟ್ಟರೆ ಈ ತೊಂದರೆ ಕರಗಿಹೋಗುತ್ತದೆ. ಒಂದೇ ತುತ್ತಿನಲ್ಲಿ ಎರಡೂ ಇರಲೇಬೇಕು ಎಂಬ ಹಳೆಯ ಕಟ್ಟುಪಾಡಿಗೆ ಈಗ ಬೆಂಬಲವಿಲ್ಲ, ದಿನದೊಳಗೆ ಕೂಡಿಬಂದರೆ ಸಾಕು.

ಈ ತಿಳಿವಳಿಕೆಯೊಂದಿಗೆ ಅವಳ ದಿನವನ್ನು ಮತ್ತೆ ಕಟ್ಟೋಣ. ನನ್ನ ನಿಯಮ ಒಂದೇ: ಪ್ರತಿ ಹೊತ್ತಿನಲ್ಲಿ ಬೇಳೆಕಾಳು ಅಥವಾ ಸೋಯಾ ಯಾವುದಾದರೂ ಒಂದು ಆಧಾರವಾಗಿ ನಿಲ್ಲಬೇಕು, ಉಳಿದದ್ದು ಅದರ ಸುತ್ತ ಬರಬೇಕು.

ಬೆಳಿಗ್ಗೆ ಓಟ್ಸ್ ಹಾಗೆಯೇ ಇರಲಿ, 60 ಗ್ರಾಂ, 8 ಗ್ರಾಂ ಪ್ರೋಟೀನ್. ಬಾದಾಮಿ ಹಾಲಿನ ಬದಲು 300 ಮಿಲಿಲೀಟರ್ ಸೋಯಾ ಹಾಲು, 10 ಗ್ರಾಂ. ಬಾದಾಮಿಯ ಜಾಗಕ್ಕೆ 20 ಗ್ರಾಂ ಕುಂಬಳ ಬೀಜ, 6 ಗ್ರಾಂ. ಕುಂಬಳ ಬೀಜದಲ್ಲಿ ನೂರಕ್ಕೆ 30 ಗ್ರಾಂ ಪ್ರೋಟೀನ್ ಇರುವುದರಿಂದ ಕಡಿಮೆ ತೂಕದಲ್ಲೇ ಅಷ್ಟು ಸಿಗುತ್ತದೆ. ಬೆಳಗಿನ ಮೊತ್ತ 24.

ಮಧ್ಯಾಹ್ನಕ್ಕೆ ಒಣ ತೂಕದಲ್ಲಿ 75 ಗ್ರಾಂ ಮಸೂರ್ ಬೇಳೆ. ಬೆಂದ ಮೇಲೆ ಅದು 190 ಗ್ರಾಂ ಆಸುಪಾಸು ಆಗುತ್ತದೆ, ಅಂದರೆ ಅವಳು ಮೊದಲು ತಿನ್ನುತ್ತಿದ್ದುದಕ್ಕಿಂತ ನಾಲ್ಕೈದು ಚಮಚ ಹೆಚ್ಚು. ಅದರಿಂದ 18 ಗ್ರಾಂ. ಅನ್ನ 200 ಗ್ರಾಂ, 5. ಮೇಲೆ ಹುರಿದ ಶೇಂಗಾ 25 ಗ್ರಾಂ, 6. ಮೊತ್ತ 29.

ಸಂಜೆ ಓಟ ಮುಗಿಸಿ ಬಂದ ಮೇಲೆ ಬ್ರೆಡ್ಡಿನ ಎರಡು ಹೋಳು 8, ಶೇಂಗಾ ಬೆಣ್ಣೆ 24 ಗ್ರಾಂ ಅಂದರೆ 6, ಜೊತೆಗೆ 250 ಮಿಲಿಲೀಟರ್ ಸೋಯಾ ಹಾಲು 8. ಮೊತ್ತ 22. ಶೇಂಗಾ ಬೆಣ್ಣೆಯನ್ನು ಇಲ್ಲಿ ಸ್ವಲ್ಪ ಕಡಿಮೆ ಮಾಡಿದ್ದೇವೆ, ಪ್ರೋಟೀನ್ ಹೆಚ್ಚಾಗಿದೆ. ಆ ಕೆಲಸ ಮಾಡಿದ್ದು ಸೋಯಾ ಹಾಲು.

ರಾತ್ರಿ ಒಣ ತೂಕದಲ್ಲಿ 40 ಗ್ರಾಂ ಸೋಯಾ ಚಂಕ್ಸ್, 20 ಗ್ರಾಂ ಪ್ರೋಟೀನ್. ಬೆಂದ ಕಾಬೂಲಿ ಕಡಲೆ 80 ಗ್ರಾಂ, 7. ಅನ್ನ 200 ಗ್ರಾಂ, 5. ಮೊತ್ತ 32.

24, 29, 22, 32. ಕೂಡಿದರೆ 107 ಗ್ರಾಂ. ಶೇಕಡ 10ರಷ್ಟು ಜೀರ್ಣವಾಗದೆ ಹೋದರೂ 96 ಉಳಿಯುತ್ತದೆ. ಇವಿಷ್ಟರಿಂದ ಬರುವ ಶಕ್ತಿ ಸುಮಾರು 2,100 ಕಿಲೋಕ್ಯಾಲರಿ. ಇನ್ನೂ 400 ಕಿಲೋಕ್ಯಾಲರಿಯಷ್ಟು ಹಣ್ಣು, ತರಕಾರಿ, ಒಗ್ಗರಣೆಯ ಎಣ್ಣೆಗೆ ಜಾಗವಿದೆ. ಅವುಗಳಿಂದ ಬರುವ ನಾಲ್ಕಾರು ಗ್ರಾಂ ಪ್ರೋಟೀನನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಕ್ಕಡಿಯ ಚಿಕ್ಕಪುಟ್ಟ ತಪ್ಪುಗಳಿಗೆ ಅದು ಮೀಸಲು.

107 ಗ್ರಾಂ ಎಲ್ಲಿಂದ ಬಂತು ಎಂಬುದನ್ನು ಒಮ್ಮೆ ಬೇರ್ಪಡಿಸಿ ನೋಡಿ. ಸೋಯಾ 38, ಬೇಳೆಕಾಳು 25, ಧಾನ್ಯ 26, ಬೀಜಗಳು 18. ಧಾನ್ಯದ ಪಾಲು ಬೇಳೆಕಾಳಿಗಿಂತ ಒಂದು ಗ್ರಾಂ ಹೆಚ್ಚೇ ಇದೆ. ಅನ್ನ, ಬ್ರೆಡ್ಡಿನಲ್ಲಿ ಪ್ರೋಟೀನೇ ಇಲ್ಲವೆಂದು ಎಣಿಸದೆ ಬಿಡುವವರು ದಿನಕ್ಕೆ ಇಷ್ಟನ್ನು ಕಳೆದುಕೊಂಡು, ಅನಗತ್ಯವಾಗಿ ಪುಡಿಯ ಡಬ್ಬಿಗೆ ಕೈ ಹಾಕುತ್ತಾರೆ. ಲೈಸೀನ್ ಲೆಕ್ಕವೂ ಹೊಂದಿಕೊಳ್ಳುತ್ತದೆ. ಸೋಯಾದಿಂದ ಸುಮಾರು 2.4 ಗ್ರಾಂ, ಬೇಳೆಕಾಳಿನಿಂದ 1.7, ಧಾನ್ಯ ಮತ್ತು ಬೀಜಗಳೆರಡರಿಂದ 1.5. ಒಟ್ಟು 5.6 ಗ್ರಾಂ. ಅದನ್ನು 107ರಿಂದ ಭಾಗಿಸಿದರೆ ಪ್ರತಿ ಗ್ರಾಂ ಪ್ರೋಟೀನಿಗೆ 52 ಮಿಲಿಗ್ರಾಂ, ಬೇಕಾದದ್ದು 45.

ಇಷ್ಟಾದರೂ ಸ್ನಾಯುಗಳು ನಿಜವಾಗಿ ಬೆಳೆಯುತ್ತವೆಯೇ ಎಂಬ ಸಂಶಯ ಉಳಿಯಬಹುದು. 2021ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ಪರೀಕ್ಷಿಸಿತು. 19 ವೀಗನ್ ಯುವಕರು, ಎಲ್ಲವನ್ನೂ ತಿನ್ನುವ 19 ಯುವಕರು, 12 ವಾರ ಕಾಲಿನ ಭಾರ ತರಬೇತಿ. ಒಂದು ಗುಂಪಿಗೆ ಸೋಯಾ ಪ್ರೋಟೀನ್, ಇನ್ನೊಂದಕ್ಕೆ ಹಾಲಿನ ಪ್ರೋಟೀನ್ ಸೇರಿಸಿ ಇಬ್ಬರ ಗುರಿಯನ್ನೂ ಪ್ರತಿ ಕಿಲೋಗೆ 1.6 ಗ್ರಾಮಿಗೆ ಸಮನಾಗಿಸಿದ್ದರು. ಸ್ನಾಯುವಿನ ಗಾತ್ರ, ಬಲ ಎರಡೂ ಎರಡು ಗುಂಪುಗಳಲ್ಲಿ ಒಂದೇ ರೀತಿ ಹೆಚ್ಚಿದವು. ಅವರು ಹೊಸದಾಗಿ ತರಬೇತಿಗೆ ಇಳಿದ ಯುವಕರು, ಪಳಗಿದ ಓಟಗಾರ್ತಿಯರಲ್ಲ ಎಂಬ ಮಿತಿ ಇದ್ದೇ ಇದೆ. ಆದರೂ ಒಟ್ಟು ಗ್ರಾಂ ಸಾಕಷ್ಟಿದ್ದಾಗ ಮೂಲ ಯಾವುದೆಂಬುದು ಹಿಂದೆ ಸರಿಯುತ್ತದೆ ಎಂಬುದಕ್ಕೆ ಇದು ಗಟ್ಟಿ ಆಧಾರ.

ಲೆಕ್ಕ ಸರಿಯಿದ್ದರೂ ಹೊಟ್ಟೆ ಒಪ್ಪದಿರಬಹುದು. ಬೇಳೆಕಾಳುಗಳಲ್ಲಿ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಅವುಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಅವು ಹಾಗೆಯೇ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಬಾಯಿಗೆ ಸಿಕ್ಕಿ ವಾಯುವಾಗುತ್ತವೆ. ಓಟಗಾರ್ತಿಗೆ ಇದು ಬರೀ ಮುಜುಗರದ ಮಾತಲ್ಲ. ವೇಗದ ಓಟದ ನಡುವೆ ಹೊಟ್ಟೆ ಹಿಡಿದುಕೊಂಡು ನಿಲ್ಲುವಂತೆ ಮಾಡುತ್ತದೆ. ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಈ ಸಕ್ಕರೆಗಳ ಒಂದು ಭಾಗ ಹೊರಗೆ ಹೋಗುತ್ತದೆ. ಟೋಫು ಮಾಡುವಾಗ ಸೋಯಾದ ಈ ಸಕ್ಕರೆಗಳು ಬಹುಪಾಲು ಹಿಂಡಿದ ನೀರಿನೊಂದಿಗೆ ಹರಿದುಹೋಗುತ್ತವೆ. ಹಾಗಾಗಿ ಓಟಕ್ಕೆ ಮುಂಚಿನ ಊಟದಲ್ಲಿ ಟೋಫು, ಓಟ ಮುಗಿದ ಮೇಲಿನ ಊಟದಲ್ಲಿ ಇಡೀ ಕಾಳು ಎಂದು ಹಂಚಿಕೊಳ್ಳುವುದು ಜಾಣತನ. ನಮ್ಮ ಓಟಗಾರ್ತಿ ಸಂಜೆ ಓಡುವವಳಾದ್ದರಿಂದ ಕಾಬೂಲಿ ಕಡಲೆ ರಾತ್ರಿಗೆ ಬಂದಿದೆ. ಮಧ್ಯಾಹ್ನದ ಮಸೂರ್ ಬೇಳೆ ತೊಂದರೆ ಕೊಟ್ಟರೆ ಅದನ್ನು ರಾತ್ರಿಗೆ ತಳ್ಳಿ, ಅದರ 18 ಗ್ರಾಮಿನ ಜಾಗಕ್ಕೆ 130 ಗ್ರಾಂ ಗಟ್ಟಿ ಟೋಫು ಇಡಬಹುದು, ನೂರಕ್ಕೆ 14ರಂತೆ. ಆಗ ರಾತ್ರಿಯ ಸೋಯಾ ಚಂಕ್ಸ್ ಕಡಿಮೆ ಮಾಡಿಕೊಂಡರೆ ದಿನದ ಮೊತ್ತ ಅಷ್ಟೇ ನಿಲ್ಲುತ್ತದೆ.

ಕಾಳಿನ ಬದಲಾವಣೆಗೆಂದು ರಾಜ್ಮಾ ತರುವವರಿಗೆ ಒಂದು ಎಚ್ಚರಿಕೆ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನ್ ಕುದಿಯುವ ಶಾಖಕ್ಕೆ ಮಾತ್ರ ನಾಶವಾಗುತ್ತದೆ. ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕೊತಕೊತ ಕುದಿಸಬೇಕು, 30 ನಿಮಿಷ ಕುದಿಸಿದರೆ ಯೋಚನೆ ಇಲ್ಲ. ಕುದಿಯದಷ್ಟು ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟರೆ ಕಾಳು ಮೆತ್ತಗಾಗುತ್ತದೆ, ವಿಷ ಹಾಗೆಯೇ ಉಳಿಯುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ಜೋರು ವಾಂತಿ ಅದರ ಗುರುತು.

ಪ್ರೋಟೀನ್ ಮೊತ್ತ ಕಾಗದದಲ್ಲಿ ಸರಿಯಿದ್ದು, ಎರಡು ಮೂರು ವಾರಗಳಲ್ಲಿ ತೂಕ ಇಳಿಯುತ್ತಾ, ಕಾಲುಗಳ ನೋವು ಮರುದಿನಕ್ಕೂ ಉಳಿಯುತ್ತಾ ಹೋದರೆ, ಮೊದಲು ನೋಡಬೇಕಾದದ್ದು ಒಟ್ಟು ಶಕ್ತಿಯನ್ನು. ಊಟದ ಶಕ್ತಿ ಸಾಲದಾದಾಗ ದೇಹ ಪ್ರೋಟೀನನ್ನೂ ಉರುವಲಾಗಿ ಸುಡುತ್ತದೆ, ಸ್ನಾಯು ಕಟ್ಟುವ ಕೆಲಸಕ್ಕೆ ಉಳಿಯುವುದಿಲ್ಲ. ಕಾಳು, ತರಕಾರಿಗಳ ನಾರು ಬೇಗನೆ ಹೊಟ್ಟೆ ತುಂಬಿಸುವುದರಿಂದ ವೀಗನ್ನರಿಗೆ ಹೀಗಾಗುವ ಸಂಭವ ಹೆಚ್ಚು. ಆಗ ಬೇಕಾದದ್ದು ಇನ್ನೊಂದು ಚಮಚ ಪ್ರೋಟೀನ್ ಪುಡಿಯಲ್ಲ, ಇನ್ನೊಂದು ಬಟ್ಟಲು ಅನ್ನ. ಬೀಜಗಳ ಕೊಬ್ಬು ನಿಜವಾಗಿ ಕೆಲಸಕ್ಕೆ ಬರುವುದೂ ಇಲ್ಲಿಯೇ. ಕಡಿಮೆ ಗಾತ್ರದಲ್ಲಿ, ಹೊಟ್ಟೆ ಬಿರಿಯದೆ, 30 ಗ್ರಾಂ ಬಾದಾಮಿ 170 ಕಿಲೋಕ್ಯಾಲರಿಗೂ ಹೆಚ್ಚು ಕೊಡುತ್ತದೆ.

ಸೋಯಾ ಒಗ್ಗದವರ ಲೆಕ್ಕವನ್ನೂ ನೋಡಬೇಕು, ಏಕೆಂದರೆ ಸೋಯಾ ಅಲರ್ಜಿ ಇರುವವರಿಗೆ ಮೇಲಿನ ಪಟ್ಟಿಯಿಂದ 38 ಗ್ರಾಂ ಒಂದೇ ಬಾರಿ ಕಳಚಿಬೀಳುತ್ತದೆ. ಅಷ್ಟನ್ನೂ ಮಸೂರ್ ಬೇಳೆಯಿಂದ ತುಂಬಿಸಲು ದಿನಕ್ಕೆ ಇನ್ನೂ 158 ಗ್ರಾಂ ಒಣ ಬೇಳೆ ಬೇಕು. ಈಗಾಗಲೇ ಇರುವ 75 ಗ್ರಾಂ ಬೇಳೆ, ಸುಮಾರು 30 ಗ್ರಾಂ ಒಣ ಕಡಲೆಯ ಜೊತೆ ಅದು 260 ಗ್ರಾಂ ದಾಟುತ್ತದೆ, ಬೆಂದರೆ 650 ಗ್ರಾಂ. ದಿನವೂ ಓಡುವ ಹೊಟ್ಟೆ ಅಷ್ಟು ಕಾಳನ್ನು ತಡೆದುಕೊಳ್ಳುವುದು ಕಷ್ಟ. ಬಟಾಣಿ ಪ್ರೋಟೀನ್ ಪುಡಿಗೆ ನಾನು ಜಾಗ ಕೊಡುವುದು ಇಂಥ ಕಡೆ. ಶೇಕಡ 80ರಷ್ಟು ಪ್ರೋಟೀನ್ ಇರುವ 30 ಗ್ರಾಂ ಪುಡಿಯಿಂದ 24 ಗ್ರಾಂ ಬರುತ್ತದೆ, ಉಳಿದ 14 ಗ್ರಾಮಿಗೆ 60 ಗ್ರಾಂ ಒಣ ಬೇಳೆ ಸಾಕು. ಪುಡಿಯನ್ನು ಬೆಳಗಿನ ಓಟ್ಸ್‌ಗೆ ಕಲಸಿ, ಹೆಚ್ಚುವರಿ ಬೇಳೆಯನ್ನು ರಾತ್ರಿ ಚಂಕ್ಸ್ ಇದ್ದ ಜಾಗಕ್ಕೆ ಹಾಕಿದರೆ ಮೊತ್ತ ಮತ್ತೆ 107ಕ್ಕೆ ಬಂದು ನಿಲ್ಲುತ್ತದೆ. ಬಟಾಣಿಯಲ್ಲೂ ಲೈಸೀನ್ ಧಾರಾಳವಾಗಿರುವುದರಿಂದ ಆ ಲೆಕ್ಕವೂ ಕದಲುವುದಿಲ್ಲ. ಆದರೆ ಸೋಯಾ ಅಲರ್ಜಿ ಇರುವವರು ತಮಗೆ ಶೇಂಗಾಕ್ಕೂ ಅಲರ್ಜಿ ಇದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಸೋಯಾ, ಶೇಂಗಾ, ಬಟಾಣಿ ಮೂರೂ ದ್ವಿದಳ ಕುಲದವು, ಒಂದಕ್ಕೆ ಅಲರ್ಜಿ ಇರುವ ಕೆಲವರಿಗೆ ಇನ್ನೊಂದೂ ಒಗ್ಗುವುದಿಲ್ಲ.